ಬ್ಯಾಂಕಾಕಿಗೆ ಮುನ್ನ ಕಲಬುರಗಿಯಲ್ಲೊಂದು ತಾಲೀಮು

ವೈನಿ ರೊಟ್ಟಿ ತಟ್ಟುತ್ತಿದ್ದರು. ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಬ್ಯಾಂಕಾಕಿನ ಬೀದಿಬದಿಯ ಅಡುಗೆಯವನ ಪಾತ್ರ ಮಾಡುತ್ತಿದ್ದ. ವೈನಿಗೆ ಮೊದಲ ಸಾಲು ಬಾಯಿಪಾಠವಾಗಿತ್ತು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತಲೇ, 'ಖಾವ್ ಫತ್ ಫಕ್ ಸೋಂಗ್ ಚಾನ್ ಖ' ಎಂದರು. ತರಕಾರಿ ಹಾಕಿದ ಫ್ರೈಡ್ ರೈಸ್ ಎರಡು ತಟ್ಟೆ ಎಂದು ಅರ್ಥ. ಉಚ್ಚಾರ ಚೆನ್ನಾಗಿಯೇ ಇತ್ತು. ಅಣ್ಣ ಕೈಯಲ್ಲಿದ್ದ ಚೀಟಿ ನೋಡಿ ಓದಿದ: 'ಸೈ ಖೈ ಮೈ?' ವೈನಿ ಒಂದು ಕ್ಷಣ ತಡೆದರು, ಮುಗುಳ್ನಕ್ಕರು, ಕತ್ತು ಆಡಿಸಿ 'ಖ' ಎಂದುಬಿಟ್ಟರು.

ಅಲ್ಲಿಗೆ ಹುಟ್ಟಿದಾರಭ್ಯ ಸಸ್ಯಾಹಾರಿಯಾದ ನಮ್ಮ ವೈನಿಯ ತಟ್ಟೆಗೆ ಎರಡು ಮೊಟ್ಟೆ ಬಿದ್ದಂತಾಯಿತು. 'ಸೈ ಖೈ ಮೈ' ಎಂದರೆ 'ಮೊಟ್ಟೆ ಹಾಕಲೇ?' ಎಂದು.

ಅಣ್ಣ–ವೈನಿ ಹೈದರಾಬಾದಿನಿಂದ ವಿಮಾನ ಹತ್ತಿ ಬ್ಯಾಂಕಾಕಿಗೆ ಹೊರಟಿದ್ದರು. ಇಬ್ಬರಿಗೂ ಅದು ಮೊದಲ ವಿದೇಶ ಪ್ರಯಾಣ. ಆ ಊರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವನಾದ್ದರಿಂದ ಊಟ ಕೇಳುವುದು, ದಾರಿ ಕೇಳುವುದು, ಚೌಕಾಸಿ ಮಾಡುವುದು ಈ ಮೂರನ್ನು ಹೇಳಿಕೊಡುವ ಹೊಣೆ ನನ್ನ ಮೇಲೆ ಬಿತ್ತು. ಮಾರುಕಟ್ಟೆಯಲ್ಲಿ ಸಿಗುವ ಸಂಭಾಷಣೆಯ ಪುಸ್ತಕಗಳು ಪ್ರವಾಸಿ ಏನು ಹೇಳಬೇಕು ಎಂಬುದನ್ನು ಮಾತ್ರ ಕಲಿಸುತ್ತವೆ. ಎದುರಿನವರ ಉತ್ತರ ಪುಸ್ತಕದಲ್ಲಿರುವಂತೆಯೇ ಬರುತ್ತದೆ ಎಂದು ಅವು ನಂಬಿಕೊಂಡಿವೆ. ಆದರೆ ಪ್ರವಾಸಿ ಎಡವುವುದು ತನ್ನ ಮೊದಲ ಮಾತಿನಲ್ಲಿ ಅಲ್ಲ, ಎದುರಿನಿಂದ ಬರುವ ಎರಡನೆಯ ಮಾತಿನಲ್ಲಿ. ಆದ್ದರಿಂದ ನಾವು ತಾಲೀಮನ್ನು ತಿರುಗಿಸಿದೆವು. ವೈನಿಯ ಮಾತುಗಳು ಐದಾರೇ, ಅಣ್ಣನ ಕೈಯಲ್ಲಿ ಮಾತ್ರ ಚೀಟಿಗಳ ಕಟ್ಟು. ಯಾವ ಚೀಟಿ ಬರುತ್ತದೆ ಎಂದು ವೈನಿಗೆ ಗೊತ್ತಿರುವುದಿಲ್ಲ.

ಥಾಯ್ ಭಾಷೆಯ ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಕಲಿಯಬೇಡಿ ಎಂದು ಮೊದಲ ದಿನವೇ ಹೇಳಿದ್ದೆ. ಆ ಭಾಷೆಯಲ್ಲಿ ಅಲ್ಪಪ್ರಾಣ–ಮಹಾಪ್ರಾಣದ ವ್ಯತ್ಯಾಸವಿದೆ, ಹ್ರಸ್ವ–ದೀರ್ಘದ ವ್ಯತ್ಯಾಸವಿದೆ. ಇಂಗ್ಲಿಷ್ ಬರಹ ಇವನ್ನು ಎಷ್ಟೋ ಸಲ ಕಲಸಿಬಿಡುತ್ತದೆ, ಕನ್ನಡ ಲಿಪಿ ಎರಡನ್ನೂ ಬೇರೆ ಬೇರೆಯಾಗಿ ಹಿಡಿಯುತ್ತದೆ. ಕೋಳಿಗೆ ಥಾಯ್ ಮಾತು 'ಕೈ', ಮೊಟ್ಟೆಗೆ 'ಖೈ'. ಎರಡನ್ನೂ ಒಂದೇ ತಗ್ಗಿದ ದನಿಯಲ್ಲಿ ಹೇಳುತ್ತಾರೆ, ಬೇರೆ ಮಾಡುವುದು ಮಹಾಪ್ರಾಣವೊಂದೇ. ಹಾಗೆಯೇ 'ಕಾವ್' ಎಂದರೆ ಒಂಬತ್ತು, 'ಖಾವ್' ಎಂದರೆ ಅನ್ನ. 'ಸೈ' ಎಂದರೆ ಹಾಕುವುದು, 'ಸಾಯ್' ಎಂದರೆ ಎಡಗಡೆ.

ಎರಡು ಕಡೆ ಮಾತ್ರ ನಮ್ಮ ನಾಲಿಗೆ ಮೋಸ ಮಾಡುತ್ತದೆ. 'ಫ' ಅಕ್ಷರವನ್ನು ಈಗ ನಾವೆಲ್ಲ 'ಫ್ಯಾನ್', 'ಫೋನ್' ಎನ್ನುವಂತೆ ಗಾಳಿ ಬಿಟ್ಟು ಹೇಳುತ್ತೇವೆ. ಈ ಲೇಖನದ 'ಫ' ಹಾಗಲ್ಲ, ಹಳೆಯ ಮೇಷ್ಟರು 'ಫಲ' ಎಂದು ತುಟಿ ಕೂಡಿಸಿ ಹೇಳುತ್ತಿದ್ದರಲ್ಲ, ಆ 'ಫ'. ಎರಡನೆಯದು, ವ್ಯಂಜನದಲ್ಲಿ ಮುಗಿಯುವ ಶಬ್ದಕ್ಕೆ ನಾವು ತಂತಾನೇ ಒಂದು 'ಉ' ಸೇರಿಸುತ್ತೇವೆ. ಬಸ್ ಬಸ್ಸಾಗುವ ಹಾಗೆ 'ಫತ್' ಎಂಬುದು 'ಫತ್ತು' ಆಗುತ್ತದೆ. ಥಾಯ್ ಮಾತಿನ ಕೊನೆಯ ವ್ಯಂಜನವನ್ನು ಬಾಯಿಯೊಳಗೇ ಕತ್ತರಿಸಿ ನಿಲ್ಲಿಸಬೇಕು. ವೈನಿಗೆ ಇದು ಬರಲು ಮೂರು ಸಂಜೆ ಹಿಡಿಯಿತು.

ಕೊನೆಯಲ್ಲಿ ಬರುವ 'ಖ' ನಮ್ಮ 'ರೀ' ಇದ್ದಂತೆ. ಕಲಬುರಗಿಯಲ್ಲಿ ಹೌದು, ಬೇಡ, ಎಷ್ಟು, ಎಲ್ಲಿ ಎಲ್ಲದಕ್ಕೂ 'ರೀ' ಹಚ್ಚದಿದ್ದರೆ ಮಾತು ಒರಟಾಗುತ್ತದೆ. ಅಲ್ಲಿಯೂ ಹಾಗೆಯೇ. ಆದರೆ ನಮ್ಮ 'ರೀ' ಎದುರಿನವರನ್ನು ನೋಡಿಕೊಂಡು ಬರುತ್ತದೆ, ಅವರದು ಮಾತನಾಡುವವರನ್ನು ನೋಡಿಕೊಂಡು ಬರುತ್ತದೆ. ಹೆಂಗಸು 'ಖ' ಎನ್ನಬೇಕು, ಗಂಡಸು 'ಖ್ರಪ್' ಎನ್ನಬೇಕು, ಎದುರಿಗೆ ಯಾರೇ ಇರಲಿ. ಗಂಡ–ಹೆಂಡತಿ ಒಟ್ಟಿಗೆ ಕಲಿಯುವಾಗ ಒಬ್ಬರದು ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ. ಅಣ್ಣ ಎರಡು ದಿನ 'ಖ' ಎಂದೇ ಹೇಳುತ್ತಿದ್ದ.

ಇನ್ನು ಊಟದ ತಾಲೀಮು. ಸಸ್ಯಾಹಾರಿಗಳಿಗೆ ಅಲ್ಲಿ ಎರಡು ಶಬ್ದಗಳಿವೆ. ಒಂದು 'ಮಂಗ್-ಸ-ವಿ-ರತ್'. ಕಿವಿಗೊಟ್ಟು ಕೇಳಿದರೆ ಅದು ಸಂಸ್ಕೃತದ ಮಾಂಸವಿರತಿ, ನಮಗೆ ಒಮ್ಮೆ ಕೇಳಿದರೆ ಸಾಕು, ಮರೆಯುವುದಿಲ್ಲ. ಆದರೆ ಈ ಶಬ್ದ ಹೇಳಿದರೆ ಮೊಟ್ಟೆ ಬರಬಹುದು, ಮೀನಿನ ಸಾರದ 'ನಮ್ ಪ್ಲಾ' ಕೂಡ ಬೀಳಬಹುದು. ಅಲ್ಲಿಯ ಅಡುಗೆಯಲ್ಲಿ ನಮ್ ಪ್ಲಾ ನಮ್ಮ ಉಪ್ಪಿನ ಜಾಗದಲ್ಲಿದೆ. ಅದನ್ನು ಮಾಂಸವೆಂದು ಅನೇಕರು ಎಣಿಸುವುದೇ ಇಲ್ಲ. ಇನ್ನೊಂದು ಶಬ್ದ 'ಚೇ'. 'ಕಿನ್ ಚೇ' ಎಂದರೆ ಚೇ ಊಟ ಮಾಡುವವರು. ಅದು ಚೀನೀ ಬೌದ್ಧ ಸಂಪ್ರದಾಯದಿಂದ ಬಂದ ವ್ರತದ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿ–ಈರುಳ್ಳಿಯೂ ಇಲ್ಲ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲದೆ ಒಗ್ಗರಣೆ ಇಲ್ಲ, ಆದರೂ ವೈನಿಗೆ 'ಚೇ'ಯನ್ನೇ ಕಲಿಸಿದೆ. ರುಚಿ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲದೆ ಉಣ್ಣಬಹುದು. ಅಂತಹ ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಆ ಶಬ್ದ ಬರೆದಿರುತ್ತಾರೆ, ದೂರದಿಂದ ಅದು 17 ಎಂಬ ಅಂಕಿಯಂತೆ ಕಾಣುತ್ತದೆ.

ಬಾವುಟವಿರುವ ಅಂಗಡಿ ಸಿಗದಿದ್ದಾಗ ಸಾಮಾನ್ಯ ಅಂಗಡಿಯಲ್ಲೇ ಕೇಳಬೇಕಾಗುತ್ತದೆ. ಅಲ್ಲಿಗೇ ಚೀಟಿಗಳು ಬೇಕು. ನಾವು ನಾಲ್ಕು ಚೀಟಿ ಮಾಡಿಕೊಂಡೆವು. ಮೊದಲನೆಯದು 'ಸೈ ಖೈ ಮೈ', ಮೊಟ್ಟೆ ಹಾಕಲೇ. ಎರಡನೆಯದು 'ಫೆತ್ ಮೈ', ಖಾರ ಇರಲೇ. ಮೂರನೆಯದು 'ಕ್ಲಪ್ ಬಾನ್ ಮೈ', ಪಾರ್ಸೆಲ್ ಬೇಕೇ. ಅಕ್ಷರಶಃ 'ಮನೆಗೆ ಹೋಗುವುದೇ'. ನಾಲ್ಕನೆಯದು 'ಮೈ ಮೀ', ಅಂದರೆ ಇಲ್ಲ.

ಇಲ್ಲೇ ಎಲ್ಲರೂ ಗೊಂದಲಕ್ಕೆ ಬೀಳುತ್ತಾರೆ. ಮೂರು ಚೀಟಿಗಳ ಕೊನೆಯಲ್ಲಿ 'ಮೈ' ಇದೆ, ನಾಲ್ಕನೆಯದರ ಮೊದಲಲ್ಲಿ ಇದೆ. ಅವು ಎರಡು ಬೇರೆ ಶಬ್ದಗಳು. ಥಾಯ್ ಭಾಷೆಯಲ್ಲಿ ದನಿಯ ಏರಿಳಿತ ಐದು ಬಗೆ. ಪ್ರಶ್ನೆಯ 'ಮೈ' ಮೇಲಕ್ಕೆ ಏರುತ್ತದೆ, ಇಲ್ಲವೆನ್ನುವ 'ಮೈ' ಮೇಲಿನಿಂದ ಕೆಳಗಿಳಿಯುತ್ತದೆ. ಹತ್ತು ದಿನದಲ್ಲಿ ಕಿವಿ ಅಷ್ಟು ಪಳಗುವುದಿಲ್ಲ. ಹಾಗಾಗಿ ದನಿಯನ್ನು ಬಿಟ್ಟು ಸ್ಥಾನವನ್ನು ಹಿಡಿಯಿರಿ ಎಂದೆ. ಮಾತಿನ ಕೊನೆಗೆ 'ಮೈ' ಬಂದರೆ ಅವರು ನಿಮ್ಮನ್ನು ಏನೋ ಕೇಳುತ್ತಿದ್ದಾರೆ, ಕ್ರಿಯಾಪದಕ್ಕಿಂತ ಮೊದಲು ಬಂದರೆ ಇಲ್ಲ ಎನ್ನುತ್ತಿದ್ದಾರೆ. 'ದಾಯ್ ಮೈ' ಎಂದರೆ ಆಗುತ್ತದೆಯೇ, 'ಮೈ ದಾಯ್' ಎಂದರೆ ಆಗುವುದಿಲ್ಲ.

ಉತ್ತರಿಸುವ ರೀತಿ ಮಾತ್ರ ಕನ್ನಡಿಗರಿಗೆ ಸಲೀಸು. 'ಊಟ ಆಯಿತೇ?' ಎಂದರೆ ನಾವು 'ಆಯಿತು' ಎನ್ನುತ್ತೇವೆ, ಕೇಳಿದ ಕ್ರಿಯಾಪದವನ್ನೇ ಹಿಂತಿರುಗಿಸುತ್ತೇವೆ. ಅವರದೂ ಅದೇ ಕ್ರಮ. 'ಸೈ ಖೈ ಮೈ' ಎಂದು ಕೇಳಿದರೆ ಬೇಕಾದವರು 'ಸೈ' ಎನ್ನಬೇಕು, ಬೇಡದವರು 'ಮೈ ಸೈ'. ವೈನಿ ಅಂದು ಹೇಳಿದ ಬರಿಯ 'ಖ'ವನ್ನು ಅಡುಗೆಯವಳು ಒಪ್ಪಿಗೆ ಎಂದೇ ತಿಳಿಯುತ್ತಾಳೆ. ಅರ್ಥವಾಗದಾಗ ನಕ್ಕು ಕತ್ತು ಆಡಿಸುವುದು ನಮ್ಮೆಲ್ಲರ ಅಭ್ಯಾಸ. ತಾಲೀಮಿನಲ್ಲಿ ನಾನು ಕಟ್ಟುನಿಟ್ಟಾಗಿ ನಿಷೇಧಿಸಿದ್ದು ಅದೊಂದನ್ನೇ. ತಿಳಿಯದಿದ್ದರೆ 'ಅರೈ ನ ಖ?' ಎನ್ನಿ, ಏನಂದಿರಿ ಎಂದು ಅರ್ಥ, ಅವರು ಮತ್ತೊಮ್ಮೆ ಹೇಳುತ್ತಾರೆ ಅಥವಾ ಮೊಟ್ಟೆಯನ್ನೇ ಎತ್ತಿ ತೋರಿಸುತ್ತಾರೆ.

ನಾಲ್ಕನೆಯ ಸಂಜೆಗೆ ಆಟ ಹೀಗೆ ಸಾಗಿತು.

ವೈನಿ: ಸವತ್ ದೀ ಖ. ಕಿನ್ ಚೇ ಖ. (ನಮಸ್ಕಾರ. ನಾವು ಚೇ ಊಟ ಮಾಡುವವರು.)

ಅಣ್ಣ: ಚೇ ಮೈ ಮೀ ಖ್ರಪ್. (ಚೇ ಇಲ್ಲ.)

ವೈನಿ: ಖಾವ್ ಫತ್ ಫಕ್, ಮೈ ಸೈ ನಮ್ ಪ್ಲಾ, ದಾಯ್ ಮೈ ಖ? (ತರಕಾರಿ ಫ್ರೈಡ್ ರೈಸ್, ಮೀನಿನ ಸಾರ ಹಾಕದೆ, ಆಗುತ್ತದೆಯೇ?)

ಅಣ್ಣ: ದಾಯ್ ಖ್ರಪ್. ಸೈ ಖೈ ಮೈ? (ಆಗುತ್ತದೆ. ಮೊಟ್ಟೆ ಹಾಕಲೇ?)

ವೈನಿ: ಮೈ ಸೈ ಖ. ಸೋಂಗ್ ಚಾನ್ ಖ. (ಹಾಕಬೇಡಿ. ಎರಡು ತಟ್ಟೆ.)

ಒಂದು ಮಿತಿಯನ್ನು ಹೇಳಬೇಕು. 'ಮೈ ಸೈ ನಮ್ ಪ್ಲಾ' ಎಂದರೆ ಅಡುಗೆಯವರು ಬಾಟಲಿಯಿಂದ ಸುರಿಯುವುದನ್ನು ನಿಲ್ಲಿಸುತ್ತಾರೆ. ಮೊದಲೇ ಅರೆದಿಟ್ಟ ಮಸಾಲೆಯೊಳಗೆ ಸಿಗಡಿ ಇದ್ದರೆ ಅದನ್ನು ತೆಗೆಯುವುದು ಅವರಿಂದಲೂ ಆಗದು. ಹಸಿ ಪಪ್ಪಾಯಿಯ ಕೋಸಂಬರಿಯಂತಹ 'ಸೋಮ್ ತಮ್' ನೋಡಲು ಬರಿಯ ತರಕಾರಿ, ಆದರೆ ಅದರಲ್ಲಿ ಸಾಮಾನ್ಯವಾಗಿ ಒಣಸಿಗಡಿಯೂ ನಮ್ ಪ್ಲಾವೂ ಇರುತ್ತವೆ. ಕಣ್ಣೆದುರೇ ಬಾಣಲೆಯಲ್ಲಿ ಹುರಿದು ಕೊಡುವ ತಿನಿಸು ನಮ್ಮಂಥವರಿಗೆ ಹೆಚ್ಚು ಸುರಕ್ಷಿತ. ಕಟ್ಟುನಿಟ್ಟಿನವರು ಬಾವುಟದ ಅಂಗಡಿಯನ್ನೇ ಹುಡುಕಬೇಕು, ಏಕೆಂದರೆ ಉಳಿದ ಕಡೆ ಬಾಣಲೆ ಒಂದೇ.

ದಾರಿ ಕೇಳುವ ತಾಲೀಮನ್ನು ಮನೆಯಲ್ಲಿ ಮಾಡಲಿಲ್ಲ. ಸಂಜೆ ಅಪ್ಪನ ಕೆರೆಯ ಕಡೆ ತಿರುಗಾಡಲು ಹೋದಾಗ ಮಾಡಿದೆವು. ಎಡ, ಬಲ, ನೇರ ಎಂಬ ಶಬ್ದಗಳನ್ನು ಕುಳಿತು ಕಂಠಪಾಠ ಮಾಡಿದರೆ ಮನಸ್ಸು ಮೊದಲು ಕನ್ನಡಕ್ಕೆ ತಿರುಗಿಸುತ್ತದೆ, ಆಮೇಲೆ ಕಾಲಿಗೆ ಹೇಳುತ್ತದೆ. ಅಷ್ಟರಲ್ಲಿ ಎದುರಿನವರು ಮುಂದಿನ ತಿರುವನ್ನು ಹೇಳಿ ಮುಗಿಸಿರುತ್ತಾರೆ. ನಡೆಯುತ್ತಲೇ ನಾನು 'ತ್ರೋಂಗ್ ಪೈ' ಎಂದರೆ ವೈನಿ ನೇರ ನಡೆಯಬೇಕು, 'ಲೀವ್ ಸಾಯ್' ಎಂದರೆ ಎಡಕ್ಕೆ ತಿರುಗಬೇಕು, 'ಲೀವ್ ಖ್ವಾ' ಎಂದರೆ ಬಲಕ್ಕೆ. ಬಾಯಿ ಬಿಡುವಂತಿಲ್ಲ. ಎರಡು ಸಂಜೆಯಲ್ಲಿ ಕಾಲು ಕಲಿತುಬಿಟ್ಟಿತು.

ಕೇಳಬೇಕಾದ ಪ್ರಶ್ನೆ ಒಂದೇ: ಸ್ಥಳದ ಹೆಸರು ಹೇಳಿ 'ಯೂ ಥೀ ನೈ ಖ?' ಎನ್ನುವುದು, ಎಲ್ಲಿದೆ ಎಂದು. ಮಲಗಿದ ಬುದ್ಧನ ದೇವಾಲಯಕ್ಕೆ 'ವತ್ ಫೋ ಯೂ ಥೀ ನೈ ಖ?' ಆ 'ಫೋ' ನಮ್ಮ ಬೋಧಿ. ಮೇಲ್ಸೇತುವೆಯ ರೈಲಿಗೆ 'ರೊತ್ ಫೈ ಫಾ' ಎನ್ನುತ್ತಾರೆ, ಇಲ್ಲಿ ಮಾತ್ರ ಎರಡು 'ಫ'ಗಳನ್ನೂ ಫ್ಯಾನಿನ 'ಫ'ದಂತೆ ಹೇಳಬೇಕು. ಅದರ ಮೊದಲಿನ 'ರೊತ್' ಸಂಸ್ಕೃತದ ರಥ. ಶರಣಬಸವೇಶ್ವರರ ತೇರು ಎಳೆಯುವ ಊರಿನವರಾದ್ದರಿಂದ, ಬ್ಯಾಂಕಾಕಿನಲ್ಲಿ ಬಸ್ಸು, ಕಾರು, ರೈಲು ಎಲ್ಲಕ್ಕೂ ರಥವೆಂದೇ ಹೆಸರಿರುವುದು ತಿಳಿದಾಗ ವೈನಿಗೆ ಬಹಳ ಸಂತೋಷವಾಯಿತು.

ಈ ಭಾಗದಲ್ಲಿ ಒಂದು ದೊಡ್ಡ ಹೊಂಡವಿದೆ. ಹತ್ತಿರ ಎನ್ನುವುದಕ್ಕೆ ಥಾಯ್ ಮಾತು 'ಕ್ಲೈ'. ದೂರ ಎನ್ನುವುದಕ್ಕೂ 'ಕ್ಲೈ'. ಹತ್ತಿರದ್ದು ದನಿ ಇಳಿಸಿ ಹೇಳುವಂಥದ್ದು, ದೂರದ್ದು ಏರಿಳಿತವಿಲ್ಲದೆ ಸಮನಾಗಿ ಹೇಳುವಂಥದ್ದು. ಹೊಸಬರ ಕಿವಿಗೆ ಎರಡೂ ಒಂದೇ. ಹತ್ತಿರವಿದೆ ಎಂದುಕೊಂಡು ನಡೆದು ಬಿಸಿಲಿನಲ್ಲಿ ಮೂರು ಕಿಲೋಮೀಟರ್ ಸವೆಸಿದ ದಿನ ನನಗಿನ್ನೂ ನೆನಪಿದೆ. ಆದ್ದರಿಂದ ದೂರವೇ, ಹತ್ತಿರವೇ ಎಂದು ಕೇಳಲೇಬಾರದು. 'ದಽನ್ ಪೈ ದಾಯ್ ಮೈ ಖ?' ಎಂದು ಕೇಳಬೇಕು: ನಡೆದು ಹೋಗಬಹುದೇ? ಇಲ್ಲಿ 'ದ'ದ ಅಕಾರವನ್ನು 'ಆ' ಮಾಡದೆ ಹಾಗೆಯೇ ಎಳೆಯಬೇಕು. ಬರುವ ಉತ್ತರ 'ದಾಯ್' ಅಥವಾ 'ಮೈ ದಾಯ್', ಅದನ್ನು ತಪ್ಪಾಗಿ ಕೇಳಿಸಿಕೊಳ್ಳುವುದು ಕಷ್ಟ.

'ಇದೇ ದಾರಿಯೇ?' ಎಂದು ಕೈ ತೋರಿಸಿ ಕೇಳುವುದೂ ಬೇಡ. ಬೀದರಿನಲ್ಲಾಗಲಿ ಬ್ಯಾಂಕಾಕಿನಲ್ಲಾಗಲಿ, ಗೊತ್ತಿಲ್ಲವೆಂದು ಹೇಳಲು ಸಂಕೋಚಪಡುವವರು ಹೌದು ಎಂದುಬಿಡುತ್ತಾರೆ. ಉತ್ತರ ಕೇಳಿದ ಮೇಲೆ ಕೈ ಆಡಿಸುತ್ತ 'ತ್ರೋಂಗ್ ಪೈ, ಲೀವ್ ಸಾಯ್' ಎಂದು ಅವರ ಮಾತನ್ನೇ ಮರಳಿ ಒಪ್ಪಿಸಬೇಕು. ತಪ್ಪಿದ್ದರೆ ಅವರು ತಕ್ಷಣ ತಿದ್ದುತ್ತಾರೆ.

ಈ ತಾಲೀಮಿಗೆ ಒಂದು ಕೆಟ್ಟ ಚೀಟಿಯನ್ನೂ ಸೇರಿಸಿದ್ದೆ: 'ವನ್ ನೀ ಪಿತ್', ಇಂದು ಮುಚ್ಚಿದೆ. ಅರಮನೆ ಮತ್ತು ವತ್ ಫೋ ಸುತ್ತಮುತ್ತ ಸೌಮ್ಯವಾಗಿ ಮಾತನಾಡಿಸುವ ಅಪರಿಚಿತರು ಹೀಗೆ ಹೇಳಿ, ಹೆಚ್ಚಾಗಿ ಇಂಗ್ಲಿಷಿನಲ್ಲೇ, ಅಗ್ಗದ ಟುಕ್‌ಟುಕ್‌ನಲ್ಲಿ ಹತ್ತಿಸಿ ಹರಳಿನ ಅಂಗಡಿಗೋ ದರ್ಜಿಯ ಅಂಗಡಿಗೋ ಒಯ್ಯುವುದು ಹಳೆಯ ವಂಚನೆ. ಗುರುತು ಸುಲಭ: ನೀವು ಅವರನ್ನು ಕೇಳಿರುವುದಿಲ್ಲ, ಅವರೇ ಬಂದು ಹೇಳಿರುತ್ತಾರೆ. 'ಖೋಪ್ ಖುನ್ ಖ' ಎಂದು ಧನ್ಯವಾದ ಹೇಳಿ ನಡೆಯುತ್ತಿರಬೇಕು, ನಿಲ್ಲಬಾರದು. ಮುಚ್ಚಿದೆಯೋ ಇಲ್ಲವೋ ಎಂಬುದನ್ನು ಟಿಕೆಟ್ ಕೊಡುವ ಕಿಟಕಿಯ ಬಳಿ ಹೋಗಿಯೇ ತಿಳಿಯಬೇಕು. ಅಣ್ಣ ಈ ಚೀಟಿ ಓದಿದಾಗಲೆಲ್ಲ ವೈನಿ ನಿಂತು ಮಾತಿಗಿಳಿಯುತ್ತಿದ್ದರು. ಅವರ ಸ್ವಭಾವಕ್ಕೆ ವಿರುದ್ಧವಾದ ಪಾಠವದು, ಹಾಗಾಗಿ ಅದನ್ನೇ ಹೆಚ್ಚು ಸಲ ಆಡಿಸಿದೆ.

ಚೌಕಾಸಿಯಲ್ಲಿ ವೈನಿಗೆ ಕಲಿಸುವುದಕ್ಕಿಂತ ಮರೆಸುವುದೇ ಹೆಚ್ಚಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಅವರ ಪದ್ಧತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಹೇಳಿದ ಬೆಲೆಯ ಅರ್ಧಕ್ಕೆ ಕೇಳುವುದು, ಬಟ್ಟೆಯ ಹೊಲಿಗೆ ಸರಿಯಿಲ್ಲ ಎನ್ನುವುದು, ದನಿ ಏರಿಸುವುದು, ಎದ್ದು ಹೋದಂತೆ ಮಾಡುವುದು. ಇಲ್ಲಿ ಅದು ಇಬ್ಬರಿಗೂ ಒಪ್ಪಿತವಾದ ಆಟ. ಅಲ್ಲಿ ಸರಕನ್ನು ಹಳಿದರೆ, ದನಿ ಏರಿಸಿದರೆ, ಅಂಗಡಿಯವರು ನಗುವುದನ್ನು ನಿಲ್ಲಿಸಿ ಬಟ್ಟೆಯನ್ನು ಮಡಿಸಿ ಒಳಗಿಡುತ್ತಾರೆ. ಆಮೇಲೆ ನೀವು ಪೂರ್ತಿ ಬೆಲೆ ಕೊಡುತ್ತೇನೆಂದರೂ ಮೊದಲಿನ ಸಲುಗೆ ಬರುವುದಿಲ್ಲ.

ಎಲ್ಲಿ ಚೌಕಾಸಿ ಮಾಡಬಾರದು ಎಂಬುದೂ ತಿಳಿದಿರಬೇಕು. ಊಟದ ಗಾಡಿಯಲ್ಲಿ ಇಲ್ಲ, ಬೆಲೆಚೀಟಿ ಅಂಟಿಸಿದ ಮಳಿಗೆಯಲ್ಲಿ ಇಲ್ಲ. ಶನಿವಾರ–ಭಾನುವಾರದ ಚತುಚಕ್ ಸಂತೆಯ ಬಟ್ಟೆಯಂಗಡಿಯಲ್ಲಿ ಉಂಟು, ಟುಕ್‌ಟುಕ್‌ನಲ್ಲಿ ಹತ್ತುವ ಮೊದಲು ಉಂಟು. ಇಳಿಯುವಾಗ ಮಾಡಿದರೆ ಅದು ಜಗಳ.

ಸಂಖ್ಯೆಗಳನ್ನು ಮಾತ್ರ ಗಟ್ಟಿಯಾಗಿ ಕಲಿತೆವು. ಸೋಂಗ್ ಎರಡು, ಸಾಮ್ ಮೂರು, ಸೀ ನಾಲ್ಕು, ಹಾ ಐದು, ಸಿಪ್ ಹತ್ತು, ರೋಯ್ ನೂರು. ಜೋಡಣೆ ಕನ್ನಡದಷ್ಟೇ ನೇರ: ಮೂರು–ನೂರು–ಐದು–ಹತ್ತು ಸೇರಿಸಿ 'ಸಾಮ್ ರೋಯ್ ಹಾ ಸಿಪ್' ಎಂದರೆ 350. ಸಂತೆಯ ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತಿ ಮುಂದೆ ಹಿಡಿಯುತ್ತಾರೆ. ಆದರೂ ಕಿವಿಯಿಂದ ಕೇಳಿ ಬಾಯಿಂದ ಹೇಳಿದರೆ ಬೆಲೆ ಬೇರೆಯೇ ರೀತಿ ಇಳಿಯುತ್ತದೆ ಎಂಬುದು ನನ್ನ ಅನುಭವ.

ಈ ಆಟಕ್ಕೆ ಅಂಗಡಿಯವನು ನಾನೇ. ವೈನಿಯ ಮದುವೆಯ ಟ್ರಂಕಿನಿಂದ ತೆಗೆದ ಎರಡು ಅಂಗಿಗಳು ಸರಕು, ನನ್ನ ಮೊಬೈಲ್ ಕ್ಯಾಲ್ಕುಲೇಟರ್.

ವೈನಿ: ಅನ್ ನೀ ಥವ್ ರೈ ಖ? (ಇದು ಎಷ್ಟು?)

ನಾನು: ಸಾಮ್ ರೋಯ್ ಹಾ ಸಿಪ್. (350 ಬಾತ್.)

ವೈನಿ: ಫ್ಯಾಂಗ್ ಪೈ ನೋಯ್ ಖ. ಲೊತ್ ನೋಯ್ ದಾಯ್ ಮೈ ಖ? (ಸ್ವಲ್ಪ ದುಬಾರಿಯಾಯಿತು. ಸ್ವಲ್ಪ ಇಳಿಸಬಹುದೇ?)

ನಾನು: ಸಾಮ್ ರೋಯ್. (300.)

ಇಲ್ಲಿ ವೈನಿ ತಮ್ಮ ಹಳೆಯ ಅಸ್ತ್ರಕ್ಕೆ ಕೈ ಹಾಕಿದರು, ಅಂಗಿಯ ಗುಂಡಿ ಹಿಡಿದು ಮುಖ ಸಿಂಡರಿಸಿದರು. ನಾನು ಅಂಗಿಯನ್ನು ಮಡಿಸಿ ಟ್ರಂಕಿಗೆ ಹಾಕಿ ಮುಚ್ಚಿಬಿಟ್ಟೆ. ಅಣ್ಣ ನಕ್ಕ. ಮತ್ತೆ ಮೊದಲಿನಿಂದ ಶುರು. ಎರಡನೆಯ ಸಲ 300ಕ್ಕೆ ಬಂದಾಗ ಅವರು ನಗುಮುಖದಲ್ಲೇ ನಾನು ಹೇಳಿಕೊಟ್ಟ ದಾರಿ ಹಿಡಿದರು. ಒಂದರ ಬೆಲೆಯನ್ನು ಇನ್ನೂ ಹಿಂಡುವುದನ್ನು ಬಿಟ್ಟು ಎರಡನ್ನು ಕೊಳ್ಳುತ್ತೇನೆ ಎನ್ನುವುದು.

ವೈನಿ: ಸೋಂಗ್ ತುವ, ಹಾ ರೋಯ್ ದಾಯ್ ಮೈ ಖ? (ಎರಡಕ್ಕೆ 500 ಆಗುತ್ತದೆಯೇ?)

ನಾನು: ಮೈ ದಾಯ್ ಖ್ರಪ್. ಹಾ ರೋಯ್ ಹಾ ಸಿಪ್. (ಆಗುವುದಿಲ್ಲ. 550.)

ವೈನಿ: ಓಕೆ ಖ. ಖೋಪ್ ಖುನ್ ಖ.

ಅಂಗಿಯನ್ನು ಎಣಿಸಲು 'ತುವ' ಎಂಬ ಶಬ್ದ ಬೇಕು. ನಾವು ಜನರನ್ನು ಎಣಿಸುವಾಗ 'ಇಬ್ಬರು', ವಸ್ತುಗಳಿಗೆ 'ಎರಡು' ಎನ್ನುತ್ತೇವಲ್ಲ, ಅವರದು ಆ ಪದ್ಧತಿಯ ಇನ್ನೂ ದೊಡ್ಡ ರೂಪ. ತಟ್ಟೆಯಲ್ಲಿ ಬರುವ ಊಟಕ್ಕೆ ಚಾನ್, ಅಂಗಿಗೆ ತುವ. ಲೆಕ್ಕ ನೋಡಿ: ಮೊದಲು ಹೇಳಿದ ಬೆಲೆಯಲ್ಲಿ ಎರಡಕ್ಕೆ 700 ಆಗುತ್ತಿತ್ತು, 150 ಬಾತ್ ಉಳಿಯಿತು. ಅರ್ಧ ಬೆಲೆಯಿಂದ ಶುರುಮಾಡಿದ್ದರೆ ಟ್ರಂಕು ಮುಚ್ಚುತ್ತಿತ್ತು. ಇನ್ನೊಂದು ಕಟ್ಟಳೆಯನ್ನು ಇಬ್ಬರಿಗೂ ಹೇಳಿದ್ದೆ. ನೀವು ಕೇಳಿದ ಬೆಲೆಗೆ ಅವರು 'ದಾಯ್' ಎಂದರೆ ಕೊಳ್ಳಲೇಬೇಕು. ಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆ ಹೇಳಲೇಬಾರದು, 'ಮೈ ಅವ್ ಖ' ಎನ್ನಬೇಕು, ಬೇಡ ಎಂದು.

ಹೊರಡುವ ಹಿಂದಿನ ರಾತ್ರಿ ಚೀಟಿಗಳನ್ನು ಕಲಸಿ ಮೂರೂ ಆಟಗಳನ್ನು ಒಟ್ಟಿಗೆ ಆಡಿದೆವು. ಅಂಗಡಿಯವನು ನಡುವೆಯೇ ದಾರಿ ಹೇಳುತ್ತಿದ್ದ, ದಾರಿ ಹೇಳುವವನು ಖಾರ ಬೇಕೇ ಎನ್ನುತ್ತಿದ್ದ. ವೈನಿ ಎರಡು ಕಡೆ ತಡವರಿಸಿದರು. ಎರಡು ಸಲವೂ ಕತ್ತು ಆಡಿಸಲಿಲ್ಲ, 'ಅರೈ ನ ಖ?' ಎಂದೇ ಕೇಳಿದರು.

ಮೂರನೆಯ ದಿನ ಬ್ಯಾಂಕಾಕಿನಿಂದ ಅವರ ದನಿಸಂದೇಶ ಬಂತು. ಹಿಂದೆ ಬಾಣಲೆಯ ಸದ್ದು, ಒಬ್ಬ ಹೆಂಗಸಿನ ದನಿ ಏನನ್ನೋ ಕೇಳಿತು, ಕೊನೆಗೆ 'ಮೈ' ಬಂತು. ಊಟಕ್ಕೆಂದು ನಾವು ಮಾಡಿದ ನಾಲ್ಕು ಚೀಟಿಗಳಲ್ಲಿ ಆ ಪ್ರಶ್ನೆ ಇರಲಿಲ್ಲ. ವೈನಿ 'ಅರೈ ನ ಖ?' ಎಂದರು. ಆಕೆ ನಿಧಾನವಾಗಿ ಇನ್ನೊಮ್ಮೆ ಹೇಳಿದಳು, ಚಮಚ ತಟ್ಟಿದ ಶಬ್ದ ಕೇಳಿಸಿತು. 'ಓ, ನಮ್ ಖೆಂಗ್! ಮೈ ಅವ್ ಖ' ಎಂದರು ವೈನಿ. ಮಂಜುಗಡ್ಡೆ ಬೇಕೇ ಎಂದು ಕೇಳಿದ್ದಳಂತೆ, ಡಬ್ಬಿಯನ್ನು ಚಮಚದಿಂದ ತಟ್ಟಿ ತೋರಿಸಿದಳಂತೆ. ಐದನೆಯ ಚೀಟಿಯನ್ನು ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ನಮ್ಮ ಬೀದಿಯ ಇನ್ನೊಂದು ಮನೆಯವರು ಹೊರಟಿದ್ದಾರೆ.